ಹಳ್ಳದ ದಂಡೆಗೆ ಗೇಬಿಯನ್ ಗೋಡೆ: ಕಲ್ಲೆಷ್ಟು, ಜಾಲರಿ ಎಷ್ಟು?

ಮಲೆನಾಡಿನ ಅಡಿಕೆ ತೋಟಗಳಲ್ಲಿ ಬಹುಪಾಲು ಹಳ್ಳದ ಮಗ್ಗುಲಲ್ಲೇ ಇವೆ. ನೀರಿನ ಅನುಕೂಲ ನೋಡಿ ಹಿರಿಯರು ಅಲ್ಲಿ ತೋಟ ಎಬ್ಬಿಸಿದರು. ಅದೇ ನೀರು ಜುಲೈ, ಆಗಸ್ಟ್‌ನಲ್ಲಿ ಕೆಂಪಾಗಿ ಏರಿ ಬಂದು ತಿರುವಿನ ಹೊರ ದಂಡೆಯನ್ನು ಬುಡದಲ್ಲಿ ಕೊರೆಯುತ್ತದೆ. ಬುಡ ಹೋದ ಮೇಲೆ ಮೇಲಿನ ಮಣ್ಣು ತಾನಾಗಿ ಕುಸಿಯುತ್ತದೆ, ಜೊತೆಗೆ ಒಂದು ಸಾಲು ಮರವೂ. ಇದಕ್ಕೆ ಸಿಮೆಂಟ್ ಗೋಡೆ ಕಟ್ಟಿಸಿದವರಿದ್ದಾರೆ. ಅಡಿಪಾಯದ ಕೆಳಗಿನ ಮರಳು ತೊಳೆದು ಹೋದರೆ ಆ ಗೋಡೆ ಬಾಗುವುದಿಲ್ಲ, ಬಿರುಕು ಬಿಟ್ಟು ಇಡಿಯಾಗಿ ಹಳ್ಳಕ್ಕೆ ಮಗುಚುತ್ತದೆ. ಹಾಗಾಗಿ ಈಚೆಗೆ ಘಾಟಿ ರಸ್ತೆಗಳ ಬದಿಯಲ್ಲಿ ಕಾಣುವ ಗೇಬಿಯನ್ ಗೋಡೆ, ಅಂದರೆ ತಂತಿ ಜಾಲರಿಯ ಪೆಟ್ಟಿಗೆಗೆ ಕಲ್ಲು ತುಂಬಿ ಒಂದರ ಮೇಲೊಂದು ಇಡುವ ಗೋಡೆ, ತೋಟದವರ ಬಾಯಲ್ಲೂ ಬರತೊಡಗಿದೆ.

ವಿಧಾನ ಹಳೆಯದು. ತಂತಿ ಜಾಲರಿಯಲ್ಲಿ ಕಲ್ಲು ತುಂಬಿ ನದಿ ದಂಡೆ ಕಾಯುವ ಈಗಿನ ಕ್ರಮ 19ನೇ ಶತಮಾನದ ಕೊನೆಯಲ್ಲಿ ಇಟಲಿಯ ಬೊಲೋನಾ ಬಳಿಯ ರೀನೊ ನದಿಯಲ್ಲಿ ಶುರುವಾಯಿತು. ಗೋಡೆ ಬಾಗುತ್ತದೆ, ಮುರಿಯುವುದಿಲ್ಲ. ಹಿಂದಿನ ಮಣ್ಣಿನ ನೀರು ಕಲ್ಲಿನ ಸಂದಿಯಲ್ಲಿ ಇಳಿದು ಹೋಗುತ್ತದೆ. ಅದರ ಬಲವೆಲ್ಲ ಇಷ್ಟೇ.

ತೊಡಕು ಬರುವುದು ಲೆಕ್ಕದಲ್ಲಿ. ಗುತ್ತಿಗೆದಾರರು ಕೊಡುವ ಅಂದಾಜು ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ಗೋಡೆ ಇಷ್ಟು ಮೀಟರ್, ಒಟ್ಟು ಇಷ್ಟು ರೂಪಾಯಿ. ಆ ಒಂದು ಸಾಲಿನೊಳಗೆ ಎರಡು ಸಾಮಾನು ಅಡಗಿವೆ, ಕಲ್ಲು ಮತ್ತು ಜಾಲರಿ. ಎರಡನ್ನೂ ತೋಟದ ಯಜಮಾನರೇ ಒಂದು ಹಾಳೆಯಲ್ಲಿ ಲೆಕ್ಕ ಹಾಕಬಹುದು. ಏಳನೇ ತರಗತಿಯ ಗಣಿತ ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳ್ಳದ ತಿರುವಿನಲ್ಲಿ 20 ಮೀಟರ್ ಉದ್ದದ ದಂಡೆ ಕೊರೆಯುತ್ತಿದೆ. ದಂಡೆಯ ಎತ್ತರ ಹಳ್ಳದ ತಳದಿಂದ ಎರಡೂವರೆ ಮೀಟರ್. ಗೋಡೆಯ ಎರಡೂ ತುದಿ ಗಟ್ಟಿ ದಂಡೆಯೊಳಗೆ ಎರಡೆರಡು ಮೀಟರ್ ಹೊಕ್ಕಿರಬೇಕು. ಇಲ್ಲದಿದ್ದರೆ ನೀರು ತುದಿಯಲ್ಲಿ ಸಂದಿ ಮಾಡಿಕೊಂಡು ಗೋಡೆಯ ಬೆನ್ನಿಗೆ ನುಗ್ಗುತ್ತದೆ. ಹೀಗೆ ಗೋಡೆಯ ಉದ್ದ 24 ಮೀಟರ್. ಎತ್ತರ 3 ಮೀಟರ್, ಅದರಲ್ಲಿ ಅರ್ಧ ಮೀಟರ್ ಹಳ್ಳದ ತಳಕ್ಕಿಂತ ಕೆಳಗೆ ಹೂತಿರುತ್ತದೆ.

ಒಂದೊಂದು ಮೀಟರಿನ ಮೂರು ವರಸೆ. ಕೆಳಗಿನ ವರಸೆಯ ಅಗಲ 2 ಮೀಟರ್, ನಡುವಿನದು ಒಂದೂವರೆ, ಮೇಲಿನದು 1 ಮೀಟರ್. ನೀರಿನ ಕಡೆಯ ಮುಖ ಒಂದೇ ಸಮನಾಗಿರುತ್ತದೆ, ಮೆಟ್ಟಿಲುಗಳು ಮಣ್ಣಿನ ಕಡೆಗಿರುತ್ತವೆ. ಮೆಟ್ಟಿಲ ಮೇಲೆ ಕೂತ ಮಣ್ಣಿನ ಭಾರವೂ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಇಡೀ ಗೋಡೆಯನ್ನು ಹತ್ತಕ್ಕೆ ಒಂದರಂತೆ ದಂಡೆಯ ಕಡೆಗೆ ವಾಲಿಸಿ ಕೂರಿಸುವುದು ರೂಢಿ.

ಗೋಡೆಯ ಮುಂದೆ ಹಳ್ಳದ ತಳದಲ್ಲಿ ಅರ್ಧ ಮೀಟರ್ ದಪ್ಪದ, 3 ಮೀಟರ್ ಅಗಲದ ಕಲ್ಲಿನ ಹಾಸು ಬೇಕು. ಇದಕ್ಕೆ ಏಪ್ರನ್ ಎನ್ನುತ್ತಾರೆ. ಖರ್ಚು ಉಳಿಸಲು ಜನ ಮೊದಲು ಕೈಬಿಡುವುದು ಇದನ್ನೇ, ಗೋಡೆ ಬೀಳುವುದೂ ಇದಿಲ್ಲದ್ದಕ್ಕೇ. ನೆರೆಯಲ್ಲಿ ಹಳ್ಳದ ತಳ ಕೊರೆದಾಗ ಹಾಸಿನ ಹೊರ ಅಂಚು ಆ ಗುಂಡಿಗೆ ಬಾಗಿ ಇಳಿದು ಇಳಿಜಾರನ್ನು ಮುಚ್ಚುತ್ತದೆ. ಕೊರೆತ ಗೋಡೆಯ ಬುಡದವರೆಗೆ ಬರದೆ ಅಲ್ಲೇ ನಿಲ್ಲುತ್ತದೆ. ಎಷ್ಟು ಆಳ ಕೊರೆಯಬಹುದೋ ಅದರ ಒಂದೂವರೆಯಿಂದ ಎರಡು ಪಟ್ಟು ಹಾಸಿನ ಅಗಲ ಇರಲಿ ಎನ್ನುವುದು ವಾಡಿಕೆಯ ಅಂದಾಜು. ಒಂದೂವರೆ ಮೀಟರ್ ಕೊರೆತ ಎಂದು ಹಿಡಿದರೆ 3 ಮೀಟರ್.

ಈಗ ಪೆಟ್ಟಿಗೆಗಳ ಒಟ್ಟು ಗಾತ್ರ ತೆಗೆಯುವುದು ಸುಲಭ. ಕೆಳವರಸೆ 24 × 2 × 1, ಅಂದರೆ 48 ಘನ ಮೀಟರ್. ನಡುವರಸೆ 36, ಮೇಲಿನದು 24. ಗೋಡೆಗೆ 108 ಆಯಿತು. ಹಾಸಿಗೆ 24 × 3 × 0.5, ಅಂದರೆ 36. ಒಟ್ಟು 144 ಘನ ಮೀಟರ್.

ಇಲ್ಲಿಗೆ ನಿಲ್ಲಿಸಿ '144 ಘನ ಮೀಟರ್ ಕಲ್ಲು ತರಿಸಿ' ಎಂದರೆ ಕೆಲಸದ ಕೊನೆಯಲ್ಲಿ ಮೇಲಿನ ವರಸೆಗೆ ಕಲ್ಲು ಸಾಲುವುದಿಲ್ಲ. ಏಕೆಂದರೆ ಕಲ್ಲಿಗೆ ಮೂರು ಗಾತ್ರಗಳಿವೆ. ಪೆಟ್ಟಿಗೆಯ ಗಾತ್ರ ಒಂದು, ಸಂದಿಯನ್ನು ಕಳೆದ ಅಪ್ಪಟ ಕಲ್ಲಿನ ಗಾತ್ರ ಇನ್ನೊಂದು, ಲಾರಿಯಲ್ಲೋ ಟ್ರಾಕ್ಟರಿನಲ್ಲೋ ಸಡಿಲವಾಗಿ ಬಂದ ರಾಶಿಯ ಗಾತ್ರ ಮತ್ತೊಂದು. ಸೇರಿಗೆ ಅಲುಗಿಸಿ ತುಂಬಿದರೆ ಭತ್ತ ಹೆಚ್ಚು ಹಿಡಿಯುವ ಹಾಗೆಯೇ ಇದು.

ಕೈಯಿಂದ ಜೋಡಿಸಿ ತುಂಬಿದ ಪೆಟ್ಟಿಗೆಯಲ್ಲಿ ನೂರಕ್ಕೆ 30ರಿಂದ 40 ಪಾಲು ಸಂದಿ ಇರುತ್ತದೆ. ನಡುವಿನ 35 ಹಿಡಿಯೋಣ. ಆಗ 144ರಲ್ಲಿ ಅಪ್ಪಟ ಕಲ್ಲು 65 ಪಾಲು, ಸುಮಾರು 94 ಘನ ಮೀಟರ್. ನಮ್ಮ ಕಡೆಯ ಕರಿಕಲ್ಲು, ಗ್ರಾನೈಟ್ ಘನ ಮೀಟರಿಗೆ ಸುಮಾರು 2.65 ಟನ್ ತೂಗುತ್ತದೆ. ಅಲ್ಲಿಗೆ ಇಡೀ ಕೆಲಸಕ್ಕೆ ಬೇಕಾದ ಕಲ್ಲು ಸುಮಾರು 248 ಟನ್.

ಅದೇ ಕಲ್ಲು ಟ್ರಾಕ್ಟರ್ ಟ್ರಾಲಿಯಲ್ಲಿ ಬರುವಾಗ ಅಡ್ಡಾದಿಡ್ಡಿ ಬಿದ್ದಿರುತ್ತದೆ. ಸಂದಿ ನೂರಕ್ಕೆ 45ರ ಹತ್ತಿರ ಹೋಗುತ್ತದೆ. 94ನ್ನು 0.55ರಿಂದ ಭಾಗಿಸಿದರೆ 170 ಘನ ಮೀಟರ್ ರಾಶಿ. ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ ಆರು ಸಾವಿರ ಘನ ಅಡಿ, ನೂರು ಅಡಿಯ ಯೂನಿಟ್ಟಿನಂತೆ 60 ಯೂನಿಟ್. ಒಡೆದ ಚೂರು, ಅಳತೆಗೆ ಬಾರದ ಕಲ್ಲು ಬೇರೆ ಬಿಡಬೇಕಾದ್ದರಿಂದ ಇನ್ನು ಮೂರು ಯೂನಿಟ್ ಜಾಸ್ತಿ ಹಿಡಿಯುವುದು ಜಾಣತನ.

ಇಲ್ಲಿ ಗುತ್ತಿಗೆದಾರರೂ ಯಜಮಾನರೂ ಜಗಳಕ್ಕೆ ಬೀಳುತ್ತಾರೆ. ಒಬ್ಬರು 170 ಮೀಟರ್ ಕಲ್ಲಿಗೆ ದುಡ್ಡು ಕೇಳುತ್ತಾರೆ, ಇನ್ನೊಬ್ಬರು ಗೋಡೆ ಅಳೆದು 144 ಅಲ್ಲವೇ ಎನ್ನುತ್ತಾರೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಅಳತೆ ಯಾವುದರದ್ದು ಎಂಬುದನ್ನು ಮೊದಲೇ ಬರೆದುಕೊಂಡಿಲ್ಲ ಅಷ್ಟೇ. ನನ್ನ ಅಭಿಪ್ರಾಯದಲ್ಲಿ ಕೂಲಿಯನ್ನು ತುಂಬಿದ ಪೆಟ್ಟಿಗೆಯ ಗಾತ್ರಕ್ಕೆ ಕೊಡಬೇಕು, ಕಲ್ಲನ್ನು ವೇಬ್ರಿಡ್ಜ್ ಚೀಟಿಯ ತೂಕಕ್ಕೆ ಕೊಳ್ಳಬೇಕು. ತೂಕಕ್ಕೆ ಸಂದಿಯ ಹಂಗಿಲ್ಲ.

ತೂಕದಿಂದ ಇನ್ನೊಂದು ಉಪಯೋಗವಿದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆ ಸರಿಯಾಗಿ ತುಂಬಿದರೆ ಸುಮಾರು 3.4 ಟನ್ ಹಿಡಿಯುತ್ತದೆ. ಮೊದಲ ಪೆಟ್ಟಿಗೆಗೆ ತೂಕ ಮಾಡಿದ ಕಲ್ಲನ್ನೇ ಹಾಕಿಸಿ ನೋಡಿ. 3 ಟನ್ನಿಗೇ ತುಂಬಿ ಹೋಯಿತೆಂದರೆ ಸಂದಿ ನೂರಕ್ಕೆ 43 ಇದೆ ಎಂದರ್ಥ. ಕಲ್ಲನ್ನು ಜೋಡಿಸಿಲ್ಲ, ಜೆಸಿಬಿ ಬಕೆಟ್ಟಿನಿಂದ ಸುರಿದಿದ್ದಾರೆ. ಅಂಥ ಪೆಟ್ಟಿಗೆ ಎರಡು ಮಳೆಗಾಲದಲ್ಲಿ ಕುಗ್ಗಿ, ಮೇಲಿನ ಮುಚ್ಚಳದ ಜಾಲರಿ ಜೋತು ಬೀಳುತ್ತದೆ.

ತೂಕ ಕಡಿಮೆಯಾದರೆ ನಷ್ಟ ಅಂದದ್ದು ಮಾತ್ರವಲ್ಲ, ಗೋಡೆ ನಿಲ್ಲುವುದೇ ತೂಕದಿಂದ. ನಮ್ಮ ಗೋಡೆಯ ಒಂದು ಮೀಟರ್ ಉದ್ದಕ್ಕೆ ನಾಲ್ಕೂವರೆ ಘನ ಮೀಟರ್ ಪೆಟ್ಟಿಗೆ, ಅಂದರೆ ಏಳೂಮುಕ್ಕಾಲು ಟನ್. 3 ಮೀಟರ್ ಎತ್ತರದ ಸಾಮಾನ್ಯ ಮಣ್ಣು ಅದೇ ಒಂದು ಮೀಟರ್ ಉದ್ದವನ್ನು ಸುಮಾರು 2.7 ಟನ್ ಬಲದಿಂದ ಹಳ್ಳದ ಕಡೆಗೆ ತಳ್ಳುತ್ತದೆ. ಗೋಡೆಯ ಬುಡ ನೆಲ ಕಚ್ಚಿ ಹಿಡಿಯುವ ಶಕ್ತಿ ಅದರ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ನಾಲ್ಕು ಟನ್ನಿನ ಆಸುಪಾಸು. ಮಿಗತೆ ಇದೆ, ಆದರೆ ಧಾರಾಳವಾಗೇನೂ ಇಲ್ಲ. ಹಗುರ ಕಲ್ಲು ತುಂಬಿದರೆ ಆ ಮಿಗತೆ ಕರಗುತ್ತದೆ. ಕರಾವಳಿಯಲ್ಲಿ ಕೈಗೆ ಸಿಗುತ್ತದೆಂದು ಕೆಂಪು ಮುರಕಲ್ಲನ್ನು ತುಂಬಬಾರದು ಎನ್ನುವುದು ಇದಕ್ಕೇ. ಅದು ಹಗುರ, ಜೊತೆಗೆ ನೀರಿನಲ್ಲಿ ಉಜ್ಜಿ ಸವೆಯುತ್ತದೆ.

ಹಳ್ಳದಲ್ಲೇ ಬಿದ್ದ ಗುಂಡುಕಲ್ಲು ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಗಟ್ಟಿಯಾಗಿದ್ದರೆ ಕಲ್ಲಿಗೇನೂ ದೋಷವಿಲ್ಲ. ಆದರೆ ಗೋಡೆಯ ಮುಂದಿನ ಹಳ್ಳದಿಂದಲೇ ಎತ್ತಿದರೆ ತಳದ ರಕ್ಷೆ ಹೋಗಿ ಹಳ್ಳ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ನಾವೇ ಗುಂಡಿ ತೋಡಿ ನಾವೇ ಗೋಡೆ ಕಟ್ಟಿದ ಹಾಗೆ ಆಗುತ್ತದೆ. ಅನುಮತಿಯ ಪ್ರಶ್ನೆ ಬೇರೆ.

ಇನ್ನು ಜಾಲರಿ. ಇದು ಕೋಳಿಗೂಡಿನ ಮೆಷ್ಷಿನಂತೆ ಆರು ಮೂಲೆಯ ಕಣ್ಣಿನದು, ಆದರೆ ದಪ್ಪ ತಂತಿಯದು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು 10 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದದ ಕಣ್ಣಿನ ಜಾಲರಿ. ಅದರ ತಂತಿ 2.7 ಮಿಲಿಮೀಟರ್, ಅಂಚಿನ ತಂತಿ 3.4, ಹೊಲಿಯುವ ತಂತಿ 2.2. ಭಾರತೀಯ ಮಾನಕ ಐಎಸ್ 16014 ಈ ಜಾಲರಿಗೆ ಸಂಬಂಧಿಸಿದ್ದು. ಬಿಲ್ಲಿನಲ್ಲಿ ಆ ಸಂಖ್ಯೆ ಇದೆಯೇ ನೋಡಿ. ಅಕ್ಕಪಕ್ಕದ ತಂತಿಗಳನ್ನು ಒಂದಕ್ಕೊಂದು ಎರಡು ಸಲ ಹುರಿ ಮಾಡಿರುತ್ತಾರೆ. ಎಲ್ಲೋ ಒಂದು ತಂತಿ ತುಂಡಾದರೂ ಅಲ್ಲಿಗೇ ನಿಲ್ಲುತ್ತದೆ. ಬೇಲಿಗೆ ಹಾಕುವ ಚೈನ್‌ಲಿಂಕ್ ಹಾಗಲ್ಲ. ಒಂದು ತಂತಿ ಹೋದರೆ ಉದ್ದಕ್ಕೂ ಬಿಚ್ಚಿಕೊಂಡು ಕಲ್ಲೆಲ್ಲ ಹೊರಗೆ. ಅಗ್ಗವೆಂದು ಚೈನ್‌ಲಿಂಕ್ ಪೆಟ್ಟಿಗೆ ಮಾಡಿಸುವುದು ದುಡ್ಡನ್ನು ಹಳ್ಳಕ್ಕೆ ಹಾಕಿದಂತೆಯೇ.

ಒಂದು ಪೆಟ್ಟಿಗೆಗೆ ಎಷ್ಟು ಜಾಲರಿ? 2 × 1 × 1 ಮೀಟರಿನ ಪೆಟ್ಟಿಗೆಯನ್ನು ಮನಸ್ಸಿನಲ್ಲಿ ಬಿಚ್ಚಿ ಹಾಸಿ. ತಳ 2 ಚದರ ಮೀಟರ್, ಮುಚ್ಚಳ 2, ಮುಂದೆ 2, ಹಿಂದೆ 2, ಎರಡು ತುದಿಗೆ ಒಂದೊಂದು. ಒಟ್ಟು 10. ಪೆಟ್ಟಿಗೆಯ ನಡುವೆ ಮೀಟರಿಗೊಂದರಂತೆ ಜಾಲರಿಯದೇ ಅಡ್ಡತಡಿಕೆ ಇರುತ್ತದೆ, ಅದಕ್ಕೆ ಇನ್ನೊಂದು. ಅಲ್ಲಿಗೆ 11 ಚದರ ಮೀಟರ್. ಒಳಗೆ ಹಿಡಿಯುವ ಗಾತ್ರ 2 ಘನ ಮೀಟರ್. ಒಂದು ಘನ ಮೀಟರಿಗೆ ಐದೂವರೆ ಚದರ ಮೀಟರ್ ಜಾಲರಿ ಬಿತ್ತು.

ಅದೇ ಪೆಟ್ಟಿಗೆಯ ಎತ್ತರ ಅರ್ಧ ಮೀಟರ್ ಆದರೆ ಲೆಕ್ಕ ಬದಲಾಗುತ್ತದೆ. ತಳ, ಮುಚ್ಚಳ ಅಷ್ಟೇ ಇರುತ್ತವೆ, ಕಲ್ಲು ಮಾತ್ರ ಅರ್ಧವಾಗುತ್ತದೆ. ಜಾಲರಿ ಏಳೂವರೆ ಚದರ ಮೀಟರ್, ಕಲ್ಲು ಒಂದೇ ಘನ ಮೀಟರ್. ನಮ್ಮ ಕೆಳವರಸೆಯನ್ನು ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಮಾಡಿದರೆ 264 ಚದರ ಮೀಟರ್ ಜಾಲರಿ ಸಾಕು. ಅರ್ಧ ಮೀಟರಿನ ಎರಡು ಪದರ ಮಾಡಿದರೆ 360 ಬೇಕು. ಕಲ್ಲು ಒಂದೇ, ಜಾಲರಿ 96 ಚದರ ಮೀಟರ್ ಜಾಸ್ತಿ. ಗೋಡೆಯ ಗಾತ್ರ ನೋಡಿ ಜಾಲರಿಯನ್ನು ಊಹಿಸಬಾರದು, ಪೆಟ್ಟಿಗೆಯ ಅಳತೆ ತಿಳಿದೇ ಲೆಕ್ಕ ಹಾಕಬೇಕು.

ಕೆಳವರಸೆಗೆ 2 ಮೀಟರಿನ ಪೆಟ್ಟಿಗೆಯನ್ನು ಹಳ್ಳಕ್ಕೆ ಅಡ್ಡವಾಗಿ, ತಲೆ ನೀರಿಗೆ ಬಾಲ ಮಣ್ಣಿಗೆ ಎನ್ನುವಂತೆ ಇಟ್ಟರೆ 24 ಪೆಟ್ಟಿಗೆ, 264 ಚದರ ಮೀಟರ್. ನಡುವರಸೆಗೆ ಒಂದೂವರೆ ಮೀಟರಿನ ಪೆಟ್ಟಿಗೆ. ಅದಕ್ಕೆ ಅಡ್ಡತಡಿಕೆ ಇಲ್ಲ, ಒಂದಕ್ಕೆ 8 ಚದರ ಮೀಟರ್. 24 ಪೆಟ್ಟಿಗೆಗೆ 192. ಮೇಲಿನ ವರಸೆಗೆ 2 ಮೀಟರಿನದನ್ನೇ ಉದ್ದುದ್ದ ಇಟ್ಟರೆ 12 ಪೆಟ್ಟಿಗೆ, 132. ಹಾಸಿಗೆ 3 × 1 × 0.5ರ ಪೆಟ್ಟಿಗೆ, ಎರಡು ಅಡ್ಡತಡಿಕೆ ಸೇರಿ ಒಂದಕ್ಕೆ 11, 24ಕ್ಕೆ 264. ಎಲ್ಲ ಸೇರಿ 84 ಪೆಟ್ಟಿಗೆ, 852 ಚದರ ಮೀಟರ್. ಇದರಲ್ಲಿ ಅಡ್ಡತಡಿಕೆಗಳದ್ದೇ 60. ಜಾಲರಿಗೆ ಚದರ ಮೀಟರ್ ದರ ಹೇಳುವವರನ್ನು ಅಡ್ಡತಡಿಕೆ ಸೇರಿದೆಯೋ ಇಲ್ಲವೋ ಎಂದು ಕೇಳಿಯೇ ದರ ಹೋಲಿಸಿ. ಕಡಿಮೆ ದರದ ಗುಟ್ಟು ಕೆಲವೊಮ್ಮೆ ಆ ತಡಿಕೆ ಹಾಕದಿರುವುದೇ ಆಗಿರುತ್ತದೆ.

ಪಕ್ಕಪಕ್ಕದ ಎರಡು ಪೆಟ್ಟಿಗೆಗೆ ನಡುವೆ ಎರಡೆರಡು ಜಾಲರಿ ಏಕೆ, ಒಂದೇ ಸಾಲದೇ ಎಂಬುದು ನ್ಯಾಯವಾದ ಪ್ರಶ್ನೆ. ಮೇಲಿನ ವರಸೆಯನ್ನು 24 ಮೀಟರಿನ ಒಂದೇ ಕೊಳವೆಯಂತೆ ಮಾಡಿದರೆ 98 ಚದರ ಮೀಟರಿನಲ್ಲಿ ಮುಗಿಯುತ್ತದೆ, 34 ಉಳಿಯುತ್ತದೆ. ಆದರೆ ನೆರೆಯಲ್ಲಿ ತೇಲಿ ಬಂದ ದಿಮ್ಮಿ ಒಂದು ಕಡೆ ಜಾಲರಿ ಹರಿದರೆ ಅಷ್ಟೂ ಉದ್ದದ ಕಲ್ಲು ಜರಿಯತೊಡಗುತ್ತದೆ. ಪೆಟ್ಟಿಗೆಗಳು ಬೇರೆ ಬೇರೆ ಇದ್ದರೆ ಹಾನಿ ಆ ಒಂದು ಗೂಡಿಗೆ ಮುಗಿಯುತ್ತದೆ. ಇಲ್ಲಿ ಉಳಿತಾಯ ಮಾಡಬೇಡಿ ಎನ್ನುವ ಪಕ್ಷ ನನ್ನದು.

ಅಳತೆಯಲ್ಲಿ ಇನ್ನೊಂದು ಮೋಸ, ಅಥವಾ ಮೈಮರೆವು, ಅಡಿಯಲ್ಲಿ ಬರುತ್ತದೆ. ಎರಡು ಮೀಟರ್, ಒಂದು ಮೀಟರ್ ಎನ್ನುವುದನ್ನು ಬಾಯಿಮಾತಿನಲ್ಲಿ 'ಆರಡಿ, ಮೂರಡಿ' ಎಂದುಬಿಡುತ್ತೇವೆ. ಆರು, ಮೂರು, ಮೂರು ಅಡಿಯ ಪೆಟ್ಟಿಗೆ ಹಿಡಿಯುವುದು 54 ಘನ ಅಡಿ. ನಿಜವಾದ ಮೀಟರಿನ ಪೆಟ್ಟಿಗೆ ಹಿಡಿಯುವುದು 70ಕ್ಕೂ ಮೇಲೆ. ಹತ್ತಿರ ಹತ್ತಿರ ಕಾಲುಭಾಗ ಕಲ್ಲು ಮಾಯ. ಪೆಟ್ಟಿಗೆ ಬಂದ ದಿನವೇ ಟೇಪು ಹಿಡಿದು ನೋಡುವುದು ಒಳ್ಳೆಯದು.

ತುಂಬುವ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಮಡಚಿ ಬಂದ ಜಾಲರಿಯನ್ನು ಬಿಚ್ಚಿ, ಗೋಡೆಗಳನ್ನು ಎತ್ತಿ, ಮೂಲೆಗಳನ್ನು ತಂತಿಯಿಂದ ಹೊಲಿಯುತ್ತಾರೆ. ಹೊಲಿಗೆ ಬರಿಯ ಗಂಟಲ್ಲ. ಒಂದು ಸುತ್ತು, ನಂತರ ಎರಡು ಸುತ್ತು, ಮತ್ತೆ ಒಂದು, ಹೀಗೆ ಗೇಣಿಗಿಂತ ಕಡಿಮೆ ಅಂತರದಲ್ಲಿ ಅಂಚಿನುದ್ದಕ್ಕೂ ಹೋಗಬೇಕು. ಒಂದು ಮೀಟರ್ ಅಂಚಿಗೆ ಒಂದೂವರೆ ಮೀಟರ್ ತಂತಿ ಬೇಕಾಗುತ್ತದೆ. 2 ಮೀಟರಿನ ಒಂದು ಪೆಟ್ಟಿಗೆಯಲ್ಲಿ ನಾಲ್ಕು ಮೂಲೆ, ತಡಿಕೆಯ ಎರಡು ಬದಿ, ಮುಚ್ಚಳದ ಅಂಚುಗಳು ಸೇರಿ 11 ಮೀಟರ್ ಹೊಲಿಗೆ ಬರುತ್ತದೆ, ತಂತಿ ಹದಿನಾರೂವರೆ ಮೀಟರ್. ಪಕ್ಕದ ಮತ್ತು ಕೆಳಗಿನ ಪೆಟ್ಟಿಗೆಗೆ ಕೂಡಿಸುವ ಹೊಲಿಗೆ ಬೇರೆ. ನಾಲ್ಕು ಕಡೆ ಗಂಟು ಹಾಕಿ ಮುಂದೆ ಹೋಗುವವರನ್ನು ಅಲ್ಲೇ ತಡೆಯಿರಿ.

ಕಲ್ಲು ಜಾಲರಿಯ ಕಣ್ಣಿನಲ್ಲಿ ತೂರಬಾರದು. 15 ಸೆಂಟಿಮೀಟರಿಗಿಂತ ಸಣ್ಣದು ಬೇಡ, 25ಕ್ಕಿಂತ ದೊಡ್ಡದೂ ಬೇಡ. ಒಂದು ಗೇಣಿನ ಆಸುಪಾಸಿನ ಸೈಜುಗಲ್ಲು ಸರಿ. ಮುಖದ ಕಡೆ ಚಪ್ಪಟೆ ಕಲ್ಲುಗಳನ್ನು ಕೈಯಿಂದ ಜೋಡಿಸಿ, ಹಿಂದಕ್ಕೆ ಉಳಿದದ್ದನ್ನು ಒತ್ತಾಗಿ ಕೂರಿಸುತ್ತಾರೆ. ಪೆಟ್ಟಿಗೆಯ ಮೂರನೇ ಒಂದು ಪಾಲು ತುಂಬಿದ ಮೇಲೆ ನಿಲ್ಲಿಸಿ ಮುಂದಿನ ಮುಖವನ್ನೂ ಹಿಂದಿನ ಮುಖವನ್ನೂ ಎಳೆತಂತಿಯಿಂದ ಬಿಗಿಯಬೇಕು. ಮೂರನೇ ಎರಡು ಪಾಲಿನಲ್ಲಿ ಮತ್ತೊಮ್ಮೆ. ಈ ಎಳೆತಂತಿ ಮರೆತ ಗೋಡೆಯನ್ನು ದೂರದಿಂದಲೇ ಗುರುತಿಸಬಹುದು, ಮುಖ ಹೊಟ್ಟೆ ಬಂದಿರುತ್ತದೆ. ಪಕ್ಕದ ಪೆಟ್ಟಿಗೆ ಖಾಲಿ ಇರುವಾಗ ಒಂದನ್ನೇ ಪೂರ್ತಿ ತುಂಬಿದರೂ ಹೊಟ್ಟೆ ಬರುತ್ತದೆ, ಆದ್ದರಿಂದ ಎರಡು ಮೂರನ್ನು ಒಟ್ಟಿಗೆ ಹಂತಹಂತವಾಗಿ ಏರಿಸಬೇಕು. ಕಲ್ಲು ಕುಗ್ಗುವುದಕ್ಕೆಂದು ಮೇಲೆ ಎರಡು ಬೆರಳಿನಷ್ಟು ಉಬ್ಬು ಬಿಟ್ಟು ಮುಚ್ಚಳ ಹೊಲಿಯುತ್ತಾರೆ.

ನಡುವೆ ಜಲ್ಲಿ, ಮಣ್ಣು ತುಂಬಿ ಮುಖಕ್ಕೆ ಮಾತ್ರ ಚಂದದ ಕಲ್ಲು ಜೋಡಿಸುವ ಕೈಚಳಕವೂ ಉಂಟು. ಮೊದಲ ನೆರೆಗೇ ಆ ಜಲ್ಲಿ ಸಂದಿಯಲ್ಲಿ ತೊಳೆದು ಹೋಗುತ್ತದೆ. ಆಗ ಮೇಲಿನ ಜಾಲರಿಯ ಮೇಲೆ ಕಾಲಿಟ್ಟರೆ ಮಂಚದ ಹುರಿಯಂತೆ ತಗ್ಗುತ್ತದೆ.

ಅಂದಾಜು ಪಟ್ಟಿಯಲ್ಲಿ ಬಿಟ್ಟುಹೋಗುವ ಇನ್ನೊಂದು ಸಾಮಾನು ಜಿಯೋಟೆಕ್ಸ್‌ಟೈಲ್ ಬಟ್ಟೆ. ಗೋಡೆಯ ಬೆನ್ನಿಗೂ ತಳಕ್ಕೂ ಇದನ್ನು ಹಾಸದಿದ್ದರೆ ಹಿಂದಿನ ಮಣ್ಣು ನೀರಿನ ಜೊತೆ ಕಲ್ಲಿನ ಸಂದಿಯಲ್ಲಿ ಸೋರಿ ಹೋಗುತ್ತದೆ. ಗೋಡೆ ನೆಟ್ಟಗೆ ನಿಂತೇ ಇರುತ್ತದೆ, ಅದರ ಹಿಂದೆ ತೋಟದಲ್ಲಿ ಗುಂಡಿ ಬೀಳುತ್ತದೆ. ಬೆನ್ನಿನ ಎತ್ತರ 3 ಮೀಟರ್, ಎರಡು ಮೆಟ್ಟಿಲು ಸೇರಿ 1 ಮೀಟರ್, ಗೋಡೆ ಮತ್ತು ಹಾಸಿನ ತಳ 5 ಮೀಟರ್. ಒಟ್ಟು 9 ಮೀಟರ್ ಅಗಲ, 24 ಮೀಟರ್ ಉದ್ದ. ಒಂದರ ಮೇಲೊಂದು ಬರುವ ಅಂಚೂ ಸೇರಿ 240 ಚದರ ಮೀಟರ್ ಬಟ್ಟೆ ಬೇಕು. ಇಡೀ ಖರ್ಚಿನಲ್ಲಿ ಇದರ ಪಾಲು ಸಣ್ಣದು.

ಈ ಲೆಕ್ಕ 3 ಮೀಟರ್ ಎತ್ತರದೊಳಗಿನ ಗೋಡೆಗೆ. ಅದಕ್ಕಿಂತ ಎತ್ತರ ಬೇಕಾದರೆ, ಅಥವಾ ದಂಡೆಯ ಹಿಂದಿನ ಗುಡ್ಡವೇ ಜಾರುತ್ತಿದ್ದರೆ ಸಿವಿಲ್ ಎಂಜಿನಿಯರ್ ಬಂದು ಮಣ್ಣು ನೋಡದೆ ಕೈಹಾಕಬಾರದು. ಜಾರುವ ಗುಡ್ಡವನ್ನು ಈ ಪೆಟ್ಟಿಗೆಗಳು ತಡೆಯಲಾರವು. ನೆರೆಯಲ್ಲಿ ದೊಡ್ಡ ಬಂಡೆ ಉರುಳಿಸಿ ತರುವ ಕಡಿದಾದ ತೊರೆಗಳಲ್ಲಿ ಜಾಲರಿ ಜಜ್ಜಿ ತುಂಡಾಗುತ್ತದೆ, ಅಲ್ಲಿ ಬೇರೆ ದಾರಿ ನೋಡಬೇಕು. ತಂತಿಯ ಮೇಲಿನ ಸತುವಿನ ಲೇಪ ಹೋದ ಮೇಲೆ ತುಕ್ಕು ತಪ್ಪದು. ಯಾವಾಗಲೂ ಒದ್ದೆ ಇರುವ ಕೆಳವರಸೆಗೂ ಹಾಸಿಗೂ ಸತುವಿನ ಮೇಲೆ ಪಿವಿಸಿ ಹೊದಿಸಿದ ತಂತಿಯ ಜಾಲರಿ ಕೊಂಡರೆ ಬಾಳಿಕೆ ಬರುತ್ತದೆ.

ಹಳ್ಳ ನಮ್ಮ ಖಾತೆಯ ಜಾಗವಲ್ಲ. ಗೋಡೆಯ ಮುಖವನ್ನು ಹಳೆಯ ದಂಡೆಯ ಗೆರೆಯಲ್ಲೇ ಇಡಿ, ನಾಲ್ಕು ಅಡಿಕೆ ಮರದ ಜಾಗ ಸಿಗುತ್ತದೆಂದು ಹಳ್ಳದೊಳಗೆ ತಳ್ಳಬೇಡಿ. ಕಿರಿದಾದ ಹಳ್ಳ ಎದುರು ದಂಡೆಯವರ ತೋಟವನ್ನು ಕೊರೆಯುತ್ತದೆ, ಜಗಳ ಪಂಚಾಯಿತಿಗೆ ಹೋಗುತ್ತದೆ. ಕೆಲಸಕ್ಕೆ ಹಳ್ಳ ಬತ್ತುವ ಫೆಬ್ರವರಿಯಿಂದ ಏಪ್ರಿಲ್ ಸಕಾಲ. ಪೆಟ್ಟಿಗೆಗೆ ಅದಕ್ಕೂ ಮೊದಲೇ ಆರ್ಡರ್ ಕೊಟ್ಟು, ಮೇ ಮುಗಿಯುವುದರೊಳಗೆ ಬೆನ್ನಿಗೆ ಮಣ್ಣು ತುಂಬಿ ಗಟ್ಟಿಸಿಬಿಡಿ. ಬೆನ್ನು ಖಾಲಿ ಬಿಟ್ಟ ಗೋಡೆಯ ಹಿಂದೆ ಮೊದಲ ಮಳೆಗೇ ನೀರು ದಾರಿ ಮಾಡಿಕೊಳ್ಳುತ್ತದೆ.